ಒಂದು ಹಿಟ್ ವಿಡಿಯೊ ಮತ್ತು ಹದಿನೈದು ಸಾಮಾನ್ಯ ವಿಡಿಯೊಗಳು: ವ್ಯೂಸ್ ಹೋಲಿಸುವ ರ‍್ಯಾಂಕ್ ಲೆಕ್ಕ

ವಿಡಿಯೊಗಳ ವ್ಯೂಸ್ ಸಂಖ್ಯೆ ಜನರ ಎತ್ತರದಂತೆ ಹರಡಿಕೊಳ್ಳುವುದಿಲ್ಲ. ಹೆಚ್ಚಿನ ವಿಡಿಯೊಗಳು ಕೆಲವು ನೂರು ಅಥವಾ ಕೆಲವು ಸಾವಿರಕ್ಕೆ ನಿಂತುಬಿಡುತ್ತವೆ. ಬೆರಳೆಣಿಕೆಯಷ್ಟು ಮಾತ್ರ ಲಕ್ಷ ದಾಟುತ್ತವೆ, ಅದಕ್ಕಿಂತ ಅಪರೂಪಕ್ಕೆ ಒಂದು ಕೋಟಿ ದಾಟುತ್ತದೆ. ನೋಡಿದವರು ಹೆಚ್ಚಾದಂತೆ ಯೂಟ್ಯೂಬ್ ಆ ವಿಡಿಯೊವನ್ನು ಇನ್ನಷ್ಟು ಜನರ ಮುಂದಿಡುತ್ತದೆ, ಅವರು ಮತ್ತಷ್ಟು ಜನರಿಗೆ ಕಳಿಸುತ್ತಾರೆ. ಬೆಳವಣಿಗೆ ಕೂಡುತ್ತ ಹೋಗುವುದಿಲ್ಲ, ಗುಣಿಸುತ್ತ ಹೋಗುತ್ತದೆ. 2012ರ ಡಿಸೆಂಬರಿನಲ್ಲಿ ‘ಗಂಗ್ನಮ್ ಸ್ಟೈಲ್’ ನೂರು ಕೋಟಿ ಮುಟ್ಟಿದ ಮೊದಲ ಯೂಟ್ಯೂಬ್ ವಿಡಿಯೊ ಆಯಿತು. ಎರಡು ವರ್ಷಗಳ ನಂತರ ಅದು 2,14,74,83,647 ಎಂಬ ಅಂಕಿಯನ್ನು ದಾಟಿತು. 32 ಬಿಟ್‌ನ ಚಿಹ್ನೆಸಹಿತ ಎಣಿಕೆಯಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ ಅದು. ಅದೇ ತಾಣದಲ್ಲಿ ಹತ್ತು ಜನರೂ ನೋಡದ ವಿಡಿಯೊಗಳೂ ಇವೆ. ಬಾಲ ಇಷ್ಟು ಉದ್ದವಿರುವ ಅಂಕಿಗಳ ಮೇಲೆ ಸರಾಸರಿ ತೆಗೆದು ಎರಡು ಗುಂಪುಗಳನ್ನು ಹೋಲಿಸಲು ಹೊರಟರೆ ಏನಾಗುತ್ತದೆ ಎಂಬುದನ್ನು ಒಂದು ಉದಾಹರಣೆಯಿಂದಲೇ ನೋಡಬಹುದು.

ಒಂದು ಅಡುಗೆ ಚಾನೆಲ್ ಇದೆ ಎಂದಿಟ್ಟುಕೊಳ್ಳೋಣ. ಅದರ ಎಂಟು ವಿಡಿಯೊಗಳ ಥಂಬ್‌ನೇಲಿನಲ್ಲಿ ತಟ್ಟೆಯ ಚಿತ್ರ ಮಾತ್ರ ಇದೆ; ಇನ್ನೆಂಟರಲ್ಲಿ ಅಡುಗೆ ಮಾಡುವವರ ಮುಖವೂ ಇದೆ. ಪ್ರತಿ ವಿಡಿಯೊ ಹಾಕಿದ 28ನೆಯ ದಿನ ಅದರ ವ್ಯೂಸ್ ಬರೆದಿಟ್ಟುಕೊಳ್ಳಲಾಗಿದೆ. ಲೆಕ್ಕ ತೋರಿಸಲೆಂದು ಕಲ್ಪಿಸಿಕೊಂಡ ಆ ಅಂಕಿಗಳು ಹೀಗಿವೆ:

ತಟ್ಟೆ ಗುಂಪು: 310, 450, 620, 780, 940, 1,300, 2,100, 4,80,000
ಮುಖ ಗುಂಪು: 700, 1,150, 1,600, 1,900, 2,600, 3,400, 5,200, 9,800

ತಟ್ಟೆ ಗುಂಪಿನ ಸರಾಸರಿ ಸುಮಾರು 60,800. ಮುಖ ಗುಂಪಿನದು ಸುಮಾರು 3,300. ಇಷ್ಟನ್ನೇ ನೋಡಿದವರು ತಟ್ಟೆಯ ಚಿತ್ರ ಹದಿನೆಂಟು ಪಟ್ಟು ಮೇಲು ಎಂದು ತೀರ್ಮಾನಿಸಿಬಿಡಬಹುದು. ಆದರೆ ತಟ್ಟೆ ಗುಂಪಿನ ಒಂದು ವಿಡಿಯೊವೂ 60,800ರ ಹತ್ತಿರ ಸುಳಿದಿಲ್ಲ. ಏಳು ವಿಡಿಯೊಗಳು ಅದರ ಎಷ್ಟೋ ಕೆಳಗಿವೆ, ಒಂದು ಎಷ್ಟೋ ಮೇಲಿದೆ. ಅಂಕಿಗಳನ್ನು ಏರಿಕೆ ಕ್ರಮದಲ್ಲಿಟ್ಟು ನಡುವಿನದನ್ನು ಹಿಡಿದರೆ, ಅಂದರೆ ಮಧ್ಯಾಂಕ ತೆಗೆದರೆ, ಚಿತ್ರ ತಲೆಕೆಳಗಾಗುತ್ತದೆ: ತಟ್ಟೆಗೆ 860, ಮುಖಕ್ಕೆ 2,250.

ಸರಾಸರಿಗಳನ್ನು ಹೋಲಿಸಲು ಬಳಸುವ ಟಿ-ಪರೀಕ್ಷೆ ಇಲ್ಲಿ ಎಡವುವ ರೀತಿ ಸ್ವಲ್ಪ ವಿಚಿತ್ರ. ಅದು ಸರಾಸರಿಗಳ ಅಂತರವನ್ನು ಆ ಅಂತರದಲ್ಲಿರುವ ಅನಿಶ್ಚಿತತೆಯಿಂದ ಭಾಗಿಸುತ್ತದೆ. ಬರುವ ಭಾಗಲಬ್ಧ ಸುಮಾರು 2 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಮಾತ್ರ ಅಂತರವನ್ನು ಗಂಭೀರವಾಗಿ ತೆಗೆದುಕೊಳ್ಳುವುದು ರೂಢಿ. ಈ ಉದಾಹರಣೆಯಲ್ಲಿ ಅದು 0.96. ಹಿಟ್ ವಿಡಿಯೊದ ವ್ಯೂಸ್ 4,80,000 ಬದಲು 48 ಲಕ್ಷ ಆಗಿದ್ದರೆ? ಭಾಗಲಬ್ಧ ಸುಮಾರು 1 ಆಗುತ್ತದೆ, ಅಷ್ಟೇ. 48 ಕೋಟಿ ಆದರೂ ಅಲ್ಲೇ ನಿಲ್ಲುತ್ತದೆ. ಕಾರಣ ಸರಳ: ಒಂದೇ ದೈತ್ಯ ಅಂಕಿ ಸರಾಸರಿಯನ್ನು ಎಷ್ಟು ಎತ್ತುತ್ತದೋ ಅನಿಶ್ಚಿತತೆಯನ್ನೂ ಅಷ್ಟೇ ಎತ್ತುತ್ತದೆ, ಭಾಗಿಸಿದಾಗ ಎರಡೂ ಹೊಡೆದುಹೋಗುತ್ತವೆ. ಉಳಿದ ಹದಿನೈದು ವಿಡಿಯೊಗಳು ಏನು ಹೇಳುತ್ತಿದ್ದವೋ ಅದು ಆ ಗದ್ದಲದಲ್ಲಿ ಕೇಳಿಸುವುದೇ ಇಲ್ಲ.

ರ‍್ಯಾಂಕ್ ಪರೀಕ್ಷೆ ಬೇರೆ ದಾರಿ ಹಿಡಿಯುತ್ತದೆ. ಗುಂಪು ಯಾವುದೆಂದು ನೋಡದೆ ಹದಿನಾರೂ ವಿಡಿಯೊಗಳನ್ನು ಒಂದೇ ಸಾಲಿನಲ್ಲಿ, ಕಡಿಮೆ ವ್ಯೂಸಿನಿಂದ ಹೆಚ್ಚಿಗೆ ನಿಲ್ಲಿಸಿ, 1ರಿಂದ 16ರವರೆಗೆ ಸ್ಥಾನ ಕೊಡುವುದು ಮೊದಲ ಹೆಜ್ಜೆ. ಆಮೇಲೆ ವ್ಯೂಸನ್ನು ಮರೆತು ಸ್ಥಾನವನ್ನಷ್ಟೇ ಇಟ್ಟುಕೊಳ್ಳುವುದು. ಓಟದ ಪಂದ್ಯದಲ್ಲಿ ಮೊದಲು ಬಂದವರು ಒಂದು ಗೇಣು ಮುಂದಿದ್ದರೂ ಒಂದು ಮೈಲಿ ಮುಂದಿದ್ದರೂ ಮೊದಲ ಸ್ಥಾನ ಒಂದೇ ಅಲ್ಲವೆ, ಹಾಗೆ. 4,80,000 ವ್ಯೂಸಿನ ವಿಡಿಯೊಗೆ ಸಿಗುವುದು 16ನೆಯ ಸ್ಥಾನ. ಅದು 10,000 ಆಗಿದ್ದರೂ ಕೋಟಿ ಆಗಿದ್ದರೂ ಸ್ಥಾನ ಬದಲಾಗದು.

ಸಾಲು ಕಟ್ಟಿದಾಗ ತಟ್ಟೆ ಗುಂಪಿಗೆ ಬರುವ ಸ್ಥಾನಗಳು 1, 2, 3, 5, 6, 8, 11 ಮತ್ತು 16. ಕೂಡಿದರೆ 52. ಮುಖ ಗುಂಪಿಗೆ ಉಳಿಯುವುದು 4, 7, 9, 10, 12, 13, 14, 15, ಮೊತ್ತ 84. ಎರಡನ್ನೂ ಕೂಡಿದರೆ 136, ಅಂದರೆ 1ರಿಂದ 16ರವರೆಗಿನ ಮೊತ್ತ. ಕೈಯಲ್ಲಿ ಲೆಕ್ಕ ಮಾಡುವವರಿಗೆ ತಪ್ಪಾಗಿಲ್ಲ ಎಂದು ತಾಳೆ ನೋಡಿಕೊಳ್ಳಲು ಇದು ಒಳ್ಳೆಯ ಉಪಾಯ. ಎರಡು ಗುಂಪುಗಳ ನಡುವೆ ವ್ಯತ್ಯಾಸವೇ ಇಲ್ಲದಿದ್ದರೆ ಎರಡಕ್ಕೂ 68ರ ಆಸುಪಾಸು ಬರಬೇಕಿತ್ತು.

ಈ ಮೊತ್ತವನ್ನು ಇನ್ನೊಂದು ಬಗೆಯಲ್ಲಿ ಓದಿದರೆ ಅರ್ಥ ಸ್ಪಷ್ಟವಾಗುತ್ತದೆ. ಮುಖ ಗುಂಪಿನ ಪ್ರತಿ ವಿಡಿಯೊವನ್ನೂ ತಟ್ಟೆ ಗುಂಪಿನ ಪ್ರತಿ ವಿಡಿಯೊದ ಜೊತೆ ಒಂದೊಂದು ಪಂದ್ಯಕ್ಕೆ ಇಳಿಸಿದರೆ ಒಟ್ಟು 64 ಪಂದ್ಯಗಳಾಗುತ್ತವೆ. 700 ವ್ಯೂಸಿನ ವಿಡಿಯೊ ಎದುರು ಗುಂಪಿನ 310, 450, 620ನ್ನು ಮಾತ್ರ ಸೋಲಿಸುತ್ತದೆ: ಮೂರು ಗೆಲುವು. 9,800ರದ್ದು ಹಿಟ್ ಒಂದನ್ನು ಬಿಟ್ಟು ಉಳಿದ ಏಳನ್ನೂ ಸೋಲಿಸುತ್ತದೆ. ಹೀಗೆ ಎಲ್ಲವನ್ನೂ ಎಣಿಸಿದರೆ ಮುಖ ಗುಂಪಿಗೆ 48 ಗೆಲುವು, ತಟ್ಟೆ ಗುಂಪಿಗೆ 16. ರ‍್ಯಾಂಕ್ ಮೊತ್ತದಿಂದಲೂ ಇದೇ ಬರುತ್ತದೆ: ಗುಂಪಿನಲ್ಲಿ ಎಂಟು ವಿಡಿಯೊ ಇದ್ದರೆ ಕನಿಷ್ಠ ಮೊತ್ತ 1ರಿಂದ 8ರವರೆಗಿನ 36, 84ರಲ್ಲಿ ಅದನ್ನು ಕಳೆದರೆ 48. ಈ ಗೆಲುವಿನ ಎಣಿಕೆಗೆ `U` ಎಂದು ಹೆಸರು. 64ರಲ್ಲಿ 48 ಎಂದರೆ ಮುಕ್ಕಾಲು ಪಾಲು. ಮುಖವಿರುವ ಒಂದು ವಿಡಿಯೊ, ತಟ್ಟೆಯಷ್ಟೇ ಇರುವ ಒಂದು ವಿಡಿಯೊ, ಇವೆರಡನ್ನು ಕಣ್ಣು ಮುಚ್ಚಿ ಎತ್ತಿಕೊಂಡರೆ ಈ ಹದಿನಾರರಲ್ಲಿ ನೂರಕ್ಕೆ ಎಪ್ಪತ್ತೈದು ಸಲ ಮುಖದ್ದೇ ಮುಂದಿರುತ್ತದೆ. ಇಡೀ ಪರೀಕ್ಷೆಯಲ್ಲಿ ಓದುಗರಿಗೆ ಹೇಳಲು ಯೋಗ್ಯವಾದ ಅಂಕಿ ಒಂದೇ ಇದ್ದರೆ ಅದು ಇದೇ.

ಈ ವಿಧಾನವನ್ನು 1945ರಲ್ಲಿ ನಾಲ್ಕೇ ಪುಟಗಳ ಲೇಖನದಲ್ಲಿ ಮುಂದಿಟ್ಟವರು ಫ್ರಾಂಕ್ ವಿಲ್ಕಾಕ್ಸನ್. ಅವರು ವೃತ್ತಿಯಿಂದ ಸಂಖ್ಯಾಶಾಸ್ತ್ರಜ್ಞರಲ್ಲ, ಅಮೆರಿಕನ್ ಸಯನಮಿಡ್ ಕಂಪನಿಯಲ್ಲಿದ್ದ ರಸಾಯನಶಾಸ್ತ್ರಜ್ಞರು. ಅವರು ಕೊಟ್ಟ ಉದಾಹರಣೆ ನೊಣ ಕೊಲ್ಲುವ ಎರಡು ದ್ರಾವಣಗಳದು. ಲೆಕ್ಕದ ಯಂತ್ರಗಳು ದುಬಾರಿಯಾಗಿದ್ದ ಕಾಲದಲ್ಲಿ ಬೇಗ ಉತ್ತರ ಕೊಡುವ ಸುಲಭ ಮಾರ್ಗವಾಗಿ ಅವರು ಇದನ್ನು ಕಂಡಿದ್ದರು. ಎರಡು ವರ್ಷದ ನಂತರ, 1947ರಲ್ಲಿ, ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದ ಹೆನ್ರಿ ಮಾನ್ ಮತ್ತು ಡೊನಾಲ್ಡ್ ವಿಟ್ನಿ ಗೆಲುವಿನ ಎಣಿಕೆಯ ರೂಪದಲ್ಲಿ ಇದಕ್ಕೆ ಗಣಿತದ ಬುನಾದಿ ಹಾಕಿದರು. ಹಾಗಾಗಿ ಒಂದೇ ಪರೀಕ್ಷೆಗೆ ಪುಸ್ತಕಗಳಲ್ಲಿ ವಿಲ್ಕಾಕ್ಸನ್ ರ‍್ಯಾಂಕ್ ಮೊತ್ತ ಪರೀಕ್ಷೆ ಎಂದೂ ಮಾನ್–ವಿಟ್ನಿ ಪರೀಕ್ಷೆ ಎಂದೂ ಎರಡು ಹೆಸರು.

ಮುಕ್ಕಾಲು ಪಾಲು ಗೆಲುವು ದೊಡ್ಡದಾಗಿಯೇ ಕಾಣುತ್ತದೆ. ಆದರೆ ಅದು ಥಂಬ್‌ನೇಲಿಗೂ ವ್ಯೂಸಿಗೂ ಸಂಬಂಧವೇ ಇಲ್ಲದೆ ಆಕಸ್ಮಿಕವಾಗಿ ಬಂದಿರಬಹುದೆ? ಇದಕ್ಕೆ ಉತ್ತರ ಹುಡುಕುವ ರೀತಿ ಈ ಪರೀಕ್ಷೆಯ ಅತ್ಯಂತ ಸುಂದರ ಭಾಗ. ಸಂಬಂಧ ಇಲ್ಲ ಎಂದಾದರೆ ‘ತಟ್ಟೆ’, ‘ಮುಖ’ ಎಂಬ ಚೀಟಿಗಳನ್ನು ಹದಿನಾರು ವಿಡಿಯೊಗಳ ಮೇಲೆ ಹೇಗೆ ಬೇಕಾದರೂ ಅಂಟಿಸಬಹುದಿತ್ತು. ಹದಿನಾರರಲ್ಲಿ ಎಂಟನ್ನು ಆರಿಸುವ ಬಗೆಗಳು 12,870. ಒಂದೊಂದು ಹಂಚಿಕೆಗೂ ಗೆಲುವನ್ನು ಎಣಿಸಿದರೆ, ಯಾವುದಾದರೂ ಒಂದು ಗುಂಪು 48 ಅಥವಾ ಅದಕ್ಕಿಂತ ಹೆಚ್ಚು ಪಂದ್ಯ ಗೆಲ್ಲುವ ಹಂಚಿಕೆಗಳು ಸುಮಾರು 1,350 ಸಿಗುತ್ತವೆ. ಭಾಗಿಸಿದರೆ 0.105. ಇದೇ ಪಿ-ಬೆಲೆ. ಚೀಟಿಗಳನ್ನು ಸುಮ್ಮನೆ ಕಲಸಿ ಹಂಚಿದ್ದರೂ ಹತ್ತರಲ್ಲಿ ಒಂದು ಸಲ ಇಷ್ಟು ಅಂತರ ಕಾಣುತ್ತಿತ್ತು ಎಂದು ಇದರ ಅರ್ಥ. ವ್ಯೂಸ್ ಹೇಗೆ ಹರಡಿಕೊಂಡಿದೆ ಎಂಬ ಬಗ್ಗೆ ಈ ಲೆಕ್ಕದಲ್ಲಿ ಯಾವ ಊಹೆಯನ್ನೂ ಮಾಡಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ವಾಲಿದ ಅಂಕಿಗಳಿಗೆ ಈ ಪರೀಕ್ಷೆ ಒಗ್ಗುವುದು ಅದಕ್ಕೇ.

ಇಷ್ಟನ್ನು ಉಚಿತವಾಗಿ ಸಿಗುವ `R` ತಂತ್ರಾಂಶದಲ್ಲಿ ಮೂರು ಸಾಲಿನಲ್ಲಿ ಮಾಡಬಹುದು:

```r
tatte <- c(310, 450, 620, 780, 940, 1300, 2100, 480000)
mukha <- c(700, 1150, 1600, 1900, 2600, 3400, 5200, 9800)
wilcox.test(mukha, tatte)
```

ಉತ್ತರವಾಗಿ `W = 48, p-value = 0.1049` ಎಂದು ತೆರೆಯ ಮೇಲೆ ಮೂಡುತ್ತದೆ. ಇಲ್ಲಿನ `W` ಎಂದರೆ ಮೇಲೆ ಎಣಿಸಿದ ಗೆಲುವೇ. ಗುಂಪುಗಳ ಹೆಸರನ್ನು ಅದಲುಬದಲು ಮಾಡಿ ಕೊಟ್ಟರೆ 48ರ ಬದಲು 16 ಬರುತ್ತದೆ, ಪಿ-ಬೆಲೆ ಮಾತ್ರ ಅದೇ ಇರುತ್ತದೆ. ಯಾವ ಗುಂಪು ಗೆದ್ದಿತು ಎಂಬುದನ್ನು ತಿರುಗುಮುರುಗು ಓದುವ ತಪ್ಪು ಇಲ್ಲೇ ನುಸುಳುವುದರಿಂದ ಎರಡೂ ಗುಂಪುಗಳ ಮಧ್ಯಾಂಕವನ್ನು ಪಕ್ಕದಲ್ಲಿ ಬರೆದಿಟ್ಟುಕೊಳ್ಳುವುದು ಕ್ಷೇಮ.

ಸಾಮಾನ್ಯವಾಗಿ ಪಿ-ಬೆಲೆ 0.05ಕ್ಕಿಂತ ಕಡಿಮೆ ಇದ್ದರೆ ಅಂತರವನ್ನು ಒಪ್ಪುವ ರೂಢಿ ಇದೆ. ಆ ಗೆರೆಯಿಂದ ನೋಡಿದರೆ ಈ ಹದಿನಾರು ವಿಡಿಯೊಗಳಿಂದ ಗಟ್ಟಿಯಾಗಿ ಏನನ್ನೂ ಹೇಳಲಾಗದು. ಇಂಥ ಕಡೆ ಒಂದು ಆಮಿಷ ಎದುರಾಗುತ್ತದೆ: ಹಿಟ್ ವಿಡಿಯೊ ಲೆಕ್ಕಕ್ಕೆ ಹೊರತಾದದ್ದು, ಅದನ್ನು ತೆಗೆದುಬಿಡೋಣ ಎನ್ನಿಸುವುದು. ತೆಗೆದರೆ ಮುಖ ಗುಂಪಿನ ಗೆಲುವು 56ರಲ್ಲಿ 48 ಆಗಿ, ಪಿ-ಬೆಲೆ 0.02ರ ಆಸುಪಾಸಿಗೆ ಇಳಿಯುತ್ತದೆ, ‘ಫಲಿತಾಂಶ’ ಕೈಗೆ ಬಂದಂತಾಗುತ್ತದೆ. ಆದರೆ ಆ ವಿಡಿಯೊ ಅಳತೆಯ ತಪ್ಪಲ್ಲ, ನಿಜವಾಗಿ ಜನ ನೋಡಿದ ವಿಡಿಯೊ. ತಟ್ಟೆಯ ಥಂಬ್‌ನೇಲ್ ಹೊತ್ತೇ ಅದು ಅಷ್ಟು ದೂರ ಹೋಯಿತು. ರ‍್ಯಾಂಕ್ ಪರೀಕ್ಷೆ ಅದರ ತೂಕವನ್ನು ಆಗಲೇ ಒಂದು ಸ್ಥಾನಕ್ಕೆ ಇಳಿಸಿದೆ. ಅದಕ್ಕಿಂತ ಹೆಚ್ಚು ಇಳಿಸಿದರೆ ಉತ್ತರವನ್ನು ಮೊದಲೇ ಬರೆದಿಟ್ಟುಕೊಂಡು ಲೆಕ್ಕ ಮಾಡಿದಂತೆ.

ಗೆಲುವಿನ ಪಾಲು ಯಾವ ಗುಂಪು ಮುಂದಿದೆ ಎಂದು ಹೇಳುತ್ತದೆ, ಎಷ್ಟು ಮುಂದಿದೆ ಎಂದು ಹೇಳುವುದಿಲ್ಲ. ಅದಕ್ಕೂ ಒಂದು ದಾರಿಯಿದೆ. 64 ಪಂದ್ಯಗಳಲ್ಲಿ ಪ್ರತಿಯೊಂದರಲ್ಲೂ ಮುಖದ ವ್ಯೂಸನ್ನು ತಟ್ಟೆಯ ವ್ಯೂಸಿನಿಂದ ಭಾಗಿಸಿ, ಬಂದ 64 ಭಾಗಲಬ್ಧಗಳ ಮಧ್ಯಾಂಕ ಹಿಡಿಯುವುದು. ಇಲ್ಲಿ ಅದು ಸುಮಾರು 2.5. ಎಂದರೆ ಮುಖವಿರುವ ವಿಡಿಯೊಗೆ ಎದುರಾಳಿಗಿಂತ ಎರಡೂವರೆ ಪಟ್ಟು ವ್ಯೂಸ್ ಎಂಬುದು ಈ ಅಂಕಿಗಳ ಅತ್ಯುತ್ತಮ ಅಂದಾಜು. ವ್ಯೂಸ್ ಗುಣಿಸುತ್ತ ಬೆಳೆಯುವುದರಿಂದ ‘ಇಷ್ಟು ಸಾವಿರ ಹೆಚ್ಚು’ ಎನ್ನುವುದಕ್ಕಿಂತ ‘ಇಷ್ಟು ಪಟ್ಟು’ ಎನ್ನುವ ಮಾತು ಇಲ್ಲಿ ಹೆಚ್ಚು ಹೊಂದುತ್ತದೆ. ಅಂಕಿಗಳ ಲಾಗರಿದಮ್ ತೆಗೆದು ವ್ಯತ್ಯಾಸ ಹುಡುಕಿದರೂ ಇದೇ ಉತ್ತರ ಬರುತ್ತದೆ. ಲಾಗರಿದಮ್ ತೆಗೆದರೆ ದೊಡ್ಡದು ದೊಡ್ಡದಾಗಿಯೇ ಉಳಿಯುವುದರಿಂದ ರ‍್ಯಾಂಕುಗಳೂ ಪಿ-ಬೆಲೆಯೂ ಕದಲುವುದಿಲ್ಲ.

ಪರೀಕ್ಷೆಯ ಫಲಿತಾಂಶವನ್ನು ‘ಮಧ್ಯಾಂಕಗಳು ಬೇರೆ’ ಎಂದು ಅನುವಾದಿಸುವುದು ಪಠ್ಯಪುಸ್ತಕಗಳಲ್ಲೂ ಕಾಣುವ ತಪ್ಪು. ಒಂದು ಗುಂಪಿನಲ್ಲಿ 100, 200, 1,000, 1,100, 1,200 ವ್ಯೂಸ್, ಇನ್ನೊಂದರಲ್ಲಿ 800, 900, 1,000, 5,000, 6,000 ಇವೆ ಎಂದುಕೊಳ್ಳಿ. ಎರಡರ ಮಧ್ಯಾಂಕವೂ 1,000. ಆದರೂ 25 ಪಂದ್ಯಗಳಲ್ಲಿ ಎರಡನೆಯ ಗುಂಪಿಗೆ 16 ಗೆಲುವು, ಒಂದು ಸಮ. ಸಮಕ್ಕೆ ಅರ್ಧ ಅಂಕ ಕೊಟ್ಟರೆ 16.5. ಇಂಥ ಅಂಕಿಗಳು ಸಾಕಷ್ಟು ದೊಡ್ಡ ಸಂಖ್ಯೆಯಲ್ಲಿ ಸಿಕ್ಕರೆ ಪರೀಕ್ಷೆ ಅಂತರ ಇದೆ ಎಂದೇ ಹೇಳುತ್ತದೆ. ಎರಡು ಗುಂಪುಗಳ ಹರಡಿಕೆ ಒಂದೇ ಆಕಾರದಲ್ಲಿದ್ದು ಒಂದು ಇನ್ನೊಂದರ ಪಕ್ಕಕ್ಕೆ ಸರಿದಿದ್ದರೆ ಮಾತ್ರ ಇದನ್ನು ಮಧ್ಯಾಂಕದ ಮಾತಾಗಿ ಓದಬಹುದು.

ಇದಕ್ಕಿಂತ ದೊಡ್ಡ ಮಿತಿ ಹಣದ ಲೆಕ್ಕದಲ್ಲಿದೆ. ಜಾಹೀರಾತಿನ ಆದಾಯ ಬರುವುದು ಒಟ್ಟು ವ್ಯೂಸಿನಿಂದ, ಸ್ಥಾನದಿಂದಲ್ಲ. ತಟ್ಟೆ ಗುಂಪಿನ ಒಟ್ಟು ವ್ಯೂಸ್ 4,86,500. ಮುಖ ಗುಂಪಿನದು 26,350. ಚಾನೆಲ್ ನಡೆಸುವವರಿಗೆ ಬೇಕಾದದ್ದು ಒಟ್ಟು ಆದಾಯವಾದರೆ ರ‍್ಯಾಂಕ್ ಪರೀಕ್ಷೆ ಅವರ ಪ್ರಶ್ನೆಗೆ ಉತ್ತರವಲ್ಲ. ಆ ಪ್ರಶ್ನೆಗೆ ಎಂಟು ವಿಡಿಯೊಗಳಿಂದ ಯಾರೂ ಉತ್ತರ ಕೊಡಲಾರರು ಕೂಡ, ಏಕೆಂದರೆ ಇಡೀ ಮೊತ್ತ ಒಂದೇ ಹಿಟ್ ಬಂತೇ ಇಲ್ಲವೇ ಎಂಬುದರ ಮೇಲೆ ನಿಂತಿದೆ. ಮುಂದೆ ಹಾಕಲಿರುವ ಒಂದು ಸಾಮಾನ್ಯ ವಿಡಿಯೊಗೆ ಯಾವ ಥಂಬ್‌ನೇಲ್ ಒಳ್ಳೆಯದು ಎಂಬುದು ಪ್ರಶ್ನೆಯಾದರೆ ರ‍್ಯಾಂಕ್ ಪರೀಕ್ಷೆಯೇ ಸರಿಯಾದ ಅಸ್ತ್ರ. ಈ ಎರಡು ಪ್ರಶ್ನೆಗಳನ್ನು ಬೆರೆಸಿದಲ್ಲೇ ಹೆಚ್ಚಿನ ಜಗಳಗಳು ಹುಟ್ಟುತ್ತವೆ.

ಅಂಕಿ ಕೂಡಿಸುವಾಗಲೇ ಆಗುವ ತಪ್ಪುಗಳನ್ನು ಯಾವ ಪರೀಕ್ಷೆಯೂ ತಿದ್ದಲಾರದು. ಮೊದಲನೆಯದು ವಯಸ್ಸು. ಮೂರು ವರ್ಷ ಹಳೆಯ ವಿಡಿಯೊವನ್ನು ಮೊನ್ನೆ ಹಾಕಿದ ವಿಡಿಯೊದ ಜೊತೆ ಹೋಲಿಸಿದರೆ ಹಳೆಯದೇ ಗೆಲ್ಲುತ್ತದೆ. ಚಾನೆಲಿನವರು ಮೊದಲು ತಟ್ಟೆಯ ಚಿತ್ರ ಹಾಕುತ್ತಿದ್ದು ಈಚೆಗೆ ಮುಖಕ್ಕೆ ಬದಲಾಯಿಸಿದ್ದರೆ ಪರೀಕ್ಷೆ ಅಳೆಯುವುದು ಥಂಬ್‌ನೇಲನ್ನಲ್ಲ, ಕಾಲವನ್ನು. ಮೇಲಿನ ಉದಾಹರಣೆಯಲ್ಲಿ ಎಲ್ಲಕ್ಕೂ 28ನೆಯ ದಿನದ ಅಂಕಿ ಹಿಡಿದದ್ದು ಇದಕ್ಕಾಗಿ. ಇನ್ನೂ 28 ದಿನ ತುಂಬದ ವಿಡಿಯೊವನ್ನು ಸೇರಿಸಿಕೊಳ್ಳಬಾರದು. ಅದರ ಜೊತೆಗೆ ಎರಡೂ ಬಗೆಯ ಥಂಬ್‌ನೇಲುಗಳು ಒಂದೇ ಅವಧಿಯಲ್ಲಿ ಬೆರೆತು ಬಂದಿರಬೇಕು. ಯಾವ ವಿಡಿಯೊಗೆ ಯಾವುದು ಎಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸಿದ್ದರೆ ಇನ್ನೂ ಒಳ್ಳೆಯದು.

ಎರಡನೆಯದು ಒಂದರ ಮೇಲೊಂದು ಅವಲಂಬಿಸಿದ ವಿಡಿಯೊಗಳು. ಚೀಟಿ ಕಲಸುವ ಲೆಕ್ಕ ನಿಲ್ಲುವುದು ಒಂದು ವಿಡಿಯೊದ ಅದೃಷ್ಟ ಇನ್ನೊಂದಕ್ಕೆ ಅಂಟಿಕೊಂಡಿಲ್ಲ ಎಂಬ ನಂಬಿಕೆಯ ಮೇಲೆ. ಆರು ಕಂತಿನ ಸರಣಿಯಲ್ಲಿ ಮೊದಲ ಕಂತು ಹಿಟ್ ಆದರೆ ಉಳಿದ ಐದನ್ನೂ ಅದೇ ಜನ ನೋಡುತ್ತಾರೆ. ಕಾಗದದ ಮೇಲೆ ಆರು ವಿಡಿಯೊ, ನಿಜದಲ್ಲಿ ಒಂದೇ ಘಟನೆ. ಇದನ್ನು ಗಮನಿಸದಿದ್ದರೆ ಪಿ-ಬೆಲೆ ಸುಳ್ಳೇ ಸಣ್ಣದಾಗುತ್ತದೆ. ಸರಣಿಯಿಂದ ಮೊದಲ ಕಂತನ್ನು ಮಾತ್ರ ತೆಗೆದುಕೊಳ್ಳುವುದು ಸರಳ ಪರಿಹಾರ. ಹಲವು ಚಾನೆಲುಗಳ ವಿಡಿಯೊಗಳನ್ನು ಒಟ್ಟಿಗೆ ಹೋಲಿಸುವಾಗಲೂ ಇದೇ ತೊಡಕು ಬರುತ್ತದೆ: ಲಕ್ಷಾಂತರ ಚಂದಾದಾರರಿರುವ ಚಾನೆಲಿನ ಸಾಧಾರಣ ವಿಡಿಯೊ ಸಣ್ಣ ಚಾನೆಲಿನ ಅತ್ಯುತ್ತಮ ವಿಡಿಯೊಗಿಂತ ಮೇಲಿರುತ್ತದೆ. ಆಗ ರ‍್ಯಾಂಕನ್ನು ಆಯಾ ಚಾನೆಲಿನ ಒಳಗೇ ಕೊಟ್ಟು, ಗೆಲುವುಗಳನ್ನು ಆಮೇಲೆ ಕೂಡಿಸಬೇಕು.

ಸಮ ಅಂಕಿಗಳದು ಸಣ್ಣ ತೊಂದರೆ. 8 ಮತ್ತು 9ನೆಯ ಸ್ಥಾನದ ಎರಡು ವಿಡಿಯೊಗಳಿಗೂ 1,200 ವ್ಯೂಸ್ ಇದ್ದರೆ ಎರಡಕ್ಕೂ 8.5 ಕೊಡುವುದು ಕ್ರಮ. ವ್ಯೂಸ್ ಸಾಮಾನ್ಯವಾಗಿ ಹೀಗೆ ಸಮ ಬರುವುದು ಅಪರೂಪ. ತೆರೆಯ ಮೇಲೆ ಕಾಣುವ ‘1.2 ಸಾ’ದಂಥ ಮೊಟಕು ಅಂಕಿಗಳನ್ನು ಬರೆದುಕೊಂಡರೆ ಮಾತ್ರ ಎಲ್ಲೆಲ್ಲೂ ಸಮಗಳು ಹುಟ್ಟಿಕೊಳ್ಳುತ್ತವೆ. ಚಾನೆಲ್ ಒಡೆಯರಿಗೆ ಪೂರ್ಣ ಅಂಕಿ ಯೂಟ್ಯೂಬ್ ಸ್ಟುಡಿಯೊದಲ್ಲಿ ಸಿಗುತ್ತದೆ.

ಕೊನೆಗೆ, ಎಷ್ಟು ವಿಡಿಯೊ ಬೇಕು? ಪ್ರತಿ ಗುಂಪಿನಲ್ಲಿ ಮೂರೇ ಇದ್ದರೆ ಚೀಟಿ ಹಂಚುವ ಬಗೆಗಳು ಒಟ್ಟು 20. ಒಂದು ಗುಂಪು ಒಂಬತ್ತಕ್ಕೆ ಒಂಬತ್ತು ಪಂದ್ಯ ಗೆದ್ದರೂ, ಎರಡೂ ದಿಕ್ಕಿನ ಅಂಥ ಹಂಚಿಕೆ ಎರಡು ಇರುವುದರಿಂದ, ಪಿ-ಬೆಲೆ 0.10ಕ್ಕಿಂತ ಕೆಳಗೆ ಇಳಿಯಲಾರದು. ಮೂರು ಮೂರರ ಹೋಲಿಕೆ 0.05ರ ಗೆರೆ ದಾಟುವುದು ಲೆಕ್ಕದ ಮಟ್ಟಿಗೆ ಅಸಾಧ್ಯ. ನಾಲ್ಕು ನಾಲ್ಕಿದ್ದರೆ ಹಂಚಿಕೆಗಳು 70, ಪೂರ್ಣ ಗೆಲುವಿಗೆ ಪಿ-ಬೆಲೆ 0.03ರಷ್ಟು, ಆದರೆ ವ್ಯೂಸಿನ ಲೋಕದಲ್ಲಿ ಪೂರ್ಣ ಗೆಲುವು ಸಿಗುವುದು ಅಪರೂಪ. ಎಂಟು ಎಂಟರಲ್ಲಿ ಮುಕ್ಕಾಲು ಪಾಲು ಗೆಲುವೂ ಸಾಲದು ಎಂಬುದನ್ನು ಮೇಲೆ ಕಂಡದ್ದಾಯಿತು. ಅದೇ ಮುಕ್ಕಾಲು ಪಾಲು ಹದಿನಾರು ಹದಿನಾರರಲ್ಲಿ ಬಂದರೆ ಪಿ-ಬೆಲೆ 0.02ಕ್ಕಿಂತ ಕೆಳಗಿಳಿಯುತ್ತದೆ. ಈ ಅಡುಗೆ ಚಾನೆಲ್ ಥಂಬ್‌ನೇಲಿನ ಬಗ್ಗೆ ಏನನ್ನಾದರೂ ತೀರ್ಮಾನಿಸುವ ಮೊದಲು ಇನ್ನೂ ಹದಿನಾರು ವಿಡಿಯೊ ಹಾಕಿ, 28 ದಿನ ಕಾಯಬೇಕು.